ಫೋನಿನಲ್ಲಿ ಕೆಲಸ ಸಿಕ್ಕಿತು, ರಾಜೀನಾಮೆ ಯಾವಾಗ?

ಹುಬ್ಬಳ್ಳಿಯ ಎಂಜಿನಿಯರ್ ಒಬ್ಬಳಿಗೆ ಮ್ಯಾಂಚೆಸ್ಟರ್‌ನ ಕಂಪನಿಯಿಂದ ಫೋನ್ ಬಂತು ಎಂದಿಟ್ಟುಕೊಳ್ಳಿ. ‘ನಿಮ್ಮನ್ನು ತಗೊಳ್ತಿದ್ದೀವಿ, ಸೆಪ್ಟೆಂಬರ್ 1ಕ್ಕೆ ಬನ್ನಿ, ವೀಸಾ ನಾವು ನೋಡಿಕೊಳ್ತೀವಿ’ ಎಂದರು. ಆಮೇಲೆ ಎರಡು ವಾರ ಸುದ್ದಿಯಿಲ್ಲ. ಈಗ ಆಕೆ ಬರೆಯಬೇಕಾದ ಮೇಲ್‌ನಲ್ಲಿ ‘ವೀಸಾ ಯಾವಾಗ ಆಗುತ್ತದೆ?’ ಎಂದಷ್ಟೇ ಕೇಳಿದರೆ ‘ಪ್ರೋಸೆಸ್ ನಡೀತಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲು ನೋಡಬೇಕಾದದ್ದು ಕಂಪನಿಗೆ ಸ್ಪಾನ್ಸರ್ ಲೈಸೆನ್ಸ್ ಇದೆಯೇ ಎಂಬುದು. ಲೈಸೆನ್ಸ್ ಇರುವವರ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ gov.uk ತಾಣದಲ್ಲಿ ಇಟ್ಟಿದೆ. ಅಂಗಡಿ ಬೋರ್ಡಿನ ಹೆಸರು ಅಲ್ಲಿ ಸಿಗದಿರಬಹುದು. ನೋಂದಾಯಿತ ಹೆಸರು ಹುಡುಕಬೇಕು, ಅದರ ಮುಂದೆ ‘ಸ್ಕಿಲ್ಡ್ ವರ್ಕರ್’ ಎಂದಿರಬೇಕು. ಇಲ್ಲವೆಂದರೆ ಕಂಪನಿ ಮೊದಲು ಲೈಸೆನ್ಸಿಗೇ ಅರ್ಜಿ ಹಾಕಬೇಕು. ಅದಕ್ಕೆ ಸಾಮಾನ್ಯವಾಗಿ 8 ವಾರದವರೆಗೆ ಹಿಡಿಯುತ್ತದೆ.

ಲೈಸೆನ್ಸ್ ಇದ್ದರೆ ಮುಂದಿನದು ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’. ಹೆಸರಿಗೆ ಸರ್ಟಿಫಿಕೇಟ್ ಆದರೂ ಕೈಗೆ ಬರುವುದು ಒಂದು ರೆಫರೆನ್ಸ್ ನಂಬರ್. ಬ್ರಿಟನ್ನಿನ ಹೊರಗಿರುವವರಿಗಾಗಿ ಕಂಪನಿ ಇದನ್ನು ಪ್ರತ್ಯೇಕವಾಗಿ ಗೃಹ ಇಲಾಖೆಯಲ್ಲಿ ಕೇಳಿ ಪಡೆಯಬೇಕು. ಹಾಗಾಗಿ ಮೇಲ್‌ನಲ್ಲಿ ನೇರವಾಗಿ ಕೇಳಬೇಕು: ಲಿಖಿತ ಆಫರ್ ಎಂದು ಕೈಸೇರುತ್ತದೆ, ನನ್ನ ಹೆಸರಿನ ಸರ್ಟಿಫಿಕೇಟಿಗೆ ಯಾರು, ಯಾವ ವಾರ ಅರ್ಜಿ ಹಾಕುತ್ತಾರೆ? ನಿಜವಾಗಿ ಕೆಲಸ ಶುರುವಾಗಿದ್ದರೆ ಉತ್ತರದಲ್ಲಿ ಒಂದು ಹೆಸರು, ಒಂದು ತಾರೀಖು ಇರುತ್ತದೆ. ಸರ್ಟಿಫಿಕೇಟಿಗೆಂದು ಆಕೆಯ ಹತ್ತಿರವೇ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಆ ಶುಲ್ಕ ಕಂಪನಿಯದು, ನೌಕರರಿಂದ ವಸೂಲಿ ಮಾಡುವಂತಿಲ್ಲ.

ನಮ್ಮವರಿಗೆ ನಿಜವಾದ ತೊಡಕು ನೋಟಿಸ್ ಪೀರಿಯಡ್. ಕೆಲಸ ಶುರುವಾಗುವ ದಿನಕ್ಕಿಂತ 3 ತಿಂಗಳು ಮೊದಲಷ್ಟೇ ವೀಸಾ ಅರ್ಜಿ ಹಾಕಬಹುದು. ಅಂದರೆ ಜೂನ್ 1. ತೀರ್ಮಾನಕ್ಕೆ ಸಾಮಾನ್ಯವಾಗಿ 3 ವಾರ. ಜೂನ್ 22ರ ಹೊತ್ತಿಗೆ ವೀಸಾ ಬಂದರೂ ಸೆಪ್ಟೆಂಬರ್ 1ಕ್ಕೆ ಉಳಿಯುವುದು ಸುಮಾರು 70 ದಿನ. ಆಕೆಯ ಈಗಿನ ಕಂಪನಿಯ ನೋಟಿಸ್ 90 ದಿನ. ವೀಸಾ ನೋಡಿಕೊಂಡೇ ರಾಜೀನಾಮೆ ಕೊಡುತ್ತೇನೆಂದರೆ 20 ದಿನ ಸಾಲುವುದಿಲ್ಲ.

ಹಾಗೆಂದು ಮೇ ತಿಂಗಳಲ್ಲೇ ರಾಜೀನಾಮೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ವೀಸಾ ತಿರಸ್ಕೃತವಾದರೆ ಎರಡೂ ಕೆಲಸ ಹೋಗುತ್ತವೆ. ಅದಕ್ಕಿಂತ, ಆ 20 ದಿನದ ಸಂಬಳ ಕಟ್ಟಿ ಬೇಗ ಬಿಡುಗಡೆಯಾಗಲು ಇಲ್ಲಿನ ಕಂಪನಿ ಒಪ್ಪುತ್ತದೆಯೇ ಎಂದು ನೇಮಕಾತಿ ಪತ್ರ ತೆಗೆದು ನೋಡಬೇಕು. ಒಪ್ಪದಿದ್ದರೆ ಸೇರುವ ದಿನ ಕೆಲವು ವಾರ ಮುಂದೆ ಹೋದರೆ ನಡೆಯುತ್ತದೆಯೇ ಎಂದು ಮ್ಯಾಂಚೆಸ್ಟರಿನವರನ್ನು ಈಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕ್ಷಯ ತಪಾಸಣೆಯ ಸರ್ಟಿಫಿಕೇಟ್ 6 ತಿಂಗಳು ನಡೆಯುವುದರಿಂದ ಅದನ್ನೂ ಇಂಗ್ಲಿಷ್ ಪರೀಕ್ಷೆಯನ್ನೂ ಈ ಮಧ್ಯೆ ಮುಗಿಸಿಕೊಂಡರೆ ಜೂನ್ 1ರಂದೇ ಅರ್ಜಿ ಹಾಕಬಹುದು.