ಅವಧಿ ಬೇಡುವ ಓಲೆ

ಪುತ್ತೂರಿನ ಕಾಲೇಜೊಂದರಲ್ಲಿ ಓದುವ, ಕಡಬದ ಕಡೆಯ ನಮ್ಮ ನೆಂಟರ ಹುಡುಗಿ, ಆಟಿಯ ಮಳೆಯ ಒಂದು ಬುಧವಾರ ಸುಳ್ಯದ ನಮ್ಮ ಮನೆಗೆ ಬಂದು, ಪ್ರಾಧ್ಯಾಪಕರಿಗೆ ಬರೆದ ಇ-ಮೇಲನ್ನು ತೋರಿಸಿದಳು: “ಸರ್, ಕರೆಂಟಿಲ್ಲ, ಅಜ್ಜಿಗೂ ಸೌಖ್ಯವಿಲ್ಲ. ಪ್ರಬಂಧ ಆಗಲಿಲ್ಲ. ಡೇಟ್ ಮುಂದೆ ಹಾಕಿ.”

ಇದರಲ್ಲಿ ಸುಳ್ಳಿಲ್ಲ, ಆದರೆ ಬರೆದವಳಾರು, ಯಾವ ಪ್ರಬಂಧ, ಎಷ್ಟು ದಿನ ಬೇಕು ಎಂಬುದು ತಿಳಿಯದು. ‘ಮುಂದೆ ಹಾಕಿ’ ಎಂಬುದು ಬಿನ್ನಹವಲ್ಲ, ಅಪ್ಪಣೆ. ಅಜ್ಜಿಯ ಅಸ್ವಾಸ್ಥ್ಯದಿಂದ ಬರವಣಿಗೆ ನಿಂತಿತೇ ಎಂದು ಕೇಳಿದೆವು, ಇಲ್ಲವೆಂದಳು. ಅದನ್ನು ತೆಗೆಯಿಸಿದೆವು. ಎರಡು ಕಾರಣಗಳಾದರೆ ನಿಜವಾದುದೂ ನೆವದಂತೆ ತೋರುವುದು.

ತಿದ್ದಿದ ಓಲೆ ಹೀಗಾಯಿತು:

“ಮಾನ್ಯರೇ, ನಾನು ದ್ವಿತೀಯ ಬಿ.ಎ. ವಿದ್ಯಾರ್ಥಿನಿ, ಕ್ರಮಸಂಖ್ಯೆ 27. ಶುಕ್ರವಾರ ಒಪ್ಪಿಸಬೇಕಾದ ಇತಿಹಾಸದ ಪ್ರಬಂಧದ 5 ಭಾಗಗಳಲ್ಲಿ 3 ಮುಗಿದಿವೆ. ಆದಿತ್ಯವಾರ ತಂತಿಯ ಮೇಲೆ ಮರ ಬಿದ್ದು ನಮ್ಮೂರಿನಲ್ಲಿ ವಿದ್ಯುತ್ತಿಲ್ಲದೆ ಕೆಲಸ ನಿಂತಿದೆ. ಬರುವ ಸೋಮವಾರದವರೆಗೆ ಅವಕಾಶ ಕೊಡಬಹುದೇ? ಸಾಧ್ಯವಾಗದಿದ್ದರೆ ಮುಗಿದಷ್ಟನ್ನು ಶುಕ್ರವಾರವೇ ಒಪ್ಪಿಸುವೆನು.”

ಗಡುವಿಗೆ ಎರಡು ದಿನ ಮೊದಲೇ ಬರೆದುದರಿಂದ, ತೀರ್ಮಾನಕ್ಕೆ ಗುರುಗಳಿಗೂ ಎಡೆಯಿತ್ತು. ಮರುದಿನ ಉತ್ತರ ಬಂತು: ಶನಿವಾರ ಸಂಜೆಯವರೆಗೆ ಮಾತ್ರ. ಬೇಡಿದಷ್ಟು ದೊರೆಯಲಿಲ್ಲ, ಆದರೆ ಹುಡುಗಿ ನಮ್ಮ ಮನೆಯಲ್ಲಿಯೇ ಉಳಿದು ಉಳಿದ ಎರಡು ಭಾಗಗಳನ್ನು ಬರೆದು ಮುಗಿಸಿದಳು.