ಪಂಪು ನಿಧಾನಿಸಿದರೆ ಮೀಟರೂ ನಿಧಾನ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಈಜುಕೊಳದ ಪಕ್ಕದಿಂದ ನಾಲ್ಕು ಮೆಟ್ಟಿಲು ಇಳಿದರೆ ಪಂಪ್ ರೂಮು. ಬಾಗಿಲು ತೆಗೆದ ಕೂಡಲೇ ಕ್ಲೋರಿನ್ ವಾಸನೆ, ಮಾತು ಕೇಳಿಸದಷ್ಟು ಸದ್ದು. ಐದು ಎಚ್‌ಪಿ ಪಂಪು ಕೊಳದ ನೀರನ್ನು ಎಳೆದು, ಮರಳು ತುಂಬಿದ ಫಿಲ್ಟರಿನ ಮೂಲಕ ಹಾಯಿಸಿ, ಮತ್ತೆ ಅದೇ ಕೊಳಕ್ಕೆ ಬಿಡುತ್ತಿತ್ತು. ವಾಪಸ್ ಹೋಗುವ ಪೈಪಿನ ವಾಲ್ವ್ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು.

"ಇದನ್ನ ಯಾಕಪ್ಪಾ ಮುಚ್ಚಿದ್ದೀಯ?" ಅಂದೆ.

"ಪೂರ್ತಿ ಬಿಟ್ರೆ ಜೆಟ್ ಜೋರಾಗಿ ಬರುತ್ತೆ ಸಾರ್, ಸಣ್ಣ ಮಕ್ಕಳು ನಿಲ್ಲೋಕಾಗಲ್ಲ ಅಂತಾರೆ. ಅದಕ್ಕೇ ಸ್ವಲ್ಪ ಕಟ್ಟಿ, ಜಾಸ್ತಿ ಹೊತ್ತು ಓಡಿಸ್ತೀನಿ. ಲೋಡೂ ಕಮ್ಮಿಯಾಗುತ್ತಲ್ವಾ?"

ಪಂಪ್ ಆಪರೇಟರ್ ಕೇಳಿದ ಆ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ಊರುಗಳ ಎಷ್ಟೋ ಪಂಪ್ ರೂಮುಗಳಲ್ಲಿ ಇದೇ ನಂಬಿಕೆಯಿದೆ, ಇದೇ ವಾಲ್ವ್ ಹೀಗೇ ಅರ್ಧ ಮುಚ್ಚಿದೆ.

ಲೆಕ್ಕ ಹಾಕೋಣ. ಕೊಳದಲ್ಲಿ 240 ಸಾವಿರ ಲೀಟರ್ ನೀರು. ವಾಲ್ವ್ ಪೂರ್ತಿ ತೆರೆದರೆ ಈ ಪಂಪು ಗಂಟೆಗೆ 40 ಸಾವಿರ ಲೀಟರ್ ತಿರುಗಿಸುತ್ತದೆ. ಅಂದರೆ ಆರು ಗಂಟೆಯಲ್ಲಿ ಕೊಳದಷ್ಟು ನೀರು ಒಂದು ಸಲ ಫಿಲ್ಟರ್ ದಾಟುತ್ತದೆ. ಮೋಟಾರು 4.2 ಕಿಲೋವ್ಯಾಟ್ ಎಳೆಯುತ್ತದೆ, ದಿನಕ್ಕೆ ಸುಮಾರು 25 ಯೂನಿಟ್. ವಾಲ್ವ್ ಕಟ್ಟಿ ನೀರನ್ನು ಗಂಟೆಗೆ 24 ಸಾವಿರ ಲೀಟರಿಗೆ ಇಳಿಸಿದಾಗ ಮೋಟಾರು ಎಳೆಯುವುದು 3.5 ಕಿಲೋವ್ಯಾಟಿನ ಸುಮಾರು. ಲೋಡು ಕಮ್ಮಿಯಾದದ್ದು ನಿಜ. ಆದರೆ ಅಷ್ಟೇ ನೀರು ತಿರುಗಿಸಲು ಈಗ ಹತ್ತು ಗಂಟೆ ಬೇಕು. ಹತ್ತು ಗಂಟೆಗೆ 35 ಯೂನಿಟ್. ಉಳಿತಾಯವೆಂದು ಮಾಡಿದ ಕೆಲಸಕ್ಕೆ ದಿನಕ್ಕೆ ಹತ್ತು ಯೂನಿಟ್ ಹೆಚ್ಚು ಬಿಲ್ಲು. ಪಂಪು ಮೊದಲಿನಷ್ಟೇ ವೇಗದಲ್ಲಿ ತಿರುಗಿ ಒತ್ತಡ ಹುಟ್ಟಿಸುತ್ತದೆ, ಆ ಒತ್ತಡದ ಬಹುಪಾಲನ್ನು ಅರೆಮುಚ್ಚಿದ ವಾಲ್ವ್ ನುಂಗಿಹಾಕುತ್ತದೆ.

ಹಾಗಾದರೆ ವಾಲ್ವನ್ನು ಪೂರ್ತಿ ತೆರೆದು, ಪಂಪನ್ನೇ ನಿಧಾನವಾಗಿ ತಿರುಗಿಸಿದರೆ?

ಪಂಪಿನ ಒಳಗೆ ಇಂಪೆಲ್ಲರ್ ಎಂಬ ಚಕ್ರ ತಿರುಗುತ್ತದೆ. ನಡುವೆ ಬಂದ ನೀರನ್ನು ಅಂಚಿಗೆ ಎಸೆಯುವುದೇ ಅದರ ಕೆಲಸ. ಒಂದು ಕಲ್ಲನ್ನು ನೆಟ್ಟಗೆ ಮೇಲಕ್ಕೆ ಎಸೆಯಿರಿ. ಎಸೆಯುವ ವೇಗ ಅರ್ಧವಾದರೆ ಕಲ್ಲು ಏರುವ ಎತ್ತರ ಅರ್ಧವಲ್ಲ, ಕಾಲು ಭಾಗ. ಇಂಪೆಲ್ಲರ್ ಎಸೆಯುವ ನೀರಿಗೂ ಇದೇ ನಿಯಮ. ಚಕ್ರದ ವೇಗ ಅರ್ಧಕ್ಕಿಳಿದರೆ ಪ್ರತಿ ಲೀಟರಿಗೆ ಸಿಗುವ ಒತ್ತಡ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದರ ಜೊತೆಗೆ ಹರಿಯುವ ಲೀಟರುಗಳೂ ಅರ್ಧವಾಗುತ್ತವೆ. ಅರ್ಧದಷ್ಟು ನೀರು, ಅದಕ್ಕೆ ಕಾಲುಭಾಗದ ಒತ್ತಡ. ಎರಡನ್ನೂ ಗುಣಿಸಿದರೆ ಎಂಟನೇ ಒಂದು ಭಾಗದ ಶಕ್ತಿ. ವೇಗವನ್ನು ಅದರಿಂದಲೇ ಮೂರು ಸಲ ಗುಣಿಸಿದ ಹಾಗೆ ಶಕ್ತಿ ಏರಿಳಿಯುವುದರಿಂದ ಇದಕ್ಕೆ ಘನ ನಿಯಮ ಎಂದು ಹೆಸರು. ನೀರು ಅರ್ಧವಾದ್ದರಿಂದ ಎರಡರಷ್ಟು ಹೊತ್ತು ಓಡಿಸಬೇಕು, ನಿಜ. ಎಂಟನೇ ಒಂದನ್ನು ಎರಡರಿಂದ ಗುಣಿಸಿದರೂ ಖರ್ಚು ಕಾಲು ಭಾಗವೇ.

ವೇಗ ಇಳಿಸುವ ಉಪಕರಣವೇ ವಿಎಫ್‌ಡಿ. ಅಂಗಡಿಯಲ್ಲಿ ಡ್ರೈವ್ ಎಂದರೆ ಸಾಕು. ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುವಂಥದ್ದು, ಅಂದರೆ 50 ಹರ್ಟ್ಜ್. ಸಾಮಾನ್ಯ ಮೋಟಾರಿನ ವೇಗವನ್ನು ನಿರ್ಧರಿಸುವುದು ಈ ಹರ್ಟ್ಜ್. ಡ್ರೈವ್ ಆ ಕರೆಂಟನ್ನು ಮೊದಲು ಡಿಸಿ ಮಾಡಿಕೊಂಡು, ಬಳಿಕ ಚೂರು ಚೂರಾಗಿ ಕತ್ತರಿಸಿ, ನಾವು ಕೇಳಿದ ಹರ್ಟ್ಜ್‌ನಲ್ಲಿ ಮೋಟಾರಿಗೆ ಕೊಡುತ್ತದೆ. ಹರ್ಟ್ಜ್ ಇಳಿಸಿದಂತೆ ವೋಲ್ಟೇಜನ್ನೂ ಜೊತೆಗೇ ಇಳಿಸುತ್ತದೆ. ಇಲ್ಲದಿದ್ದರೆ ಮೋಟಾರು ಬಿಸಿಯಾಗಿ ಸುಟ್ಟುಹೋಗುತ್ತದೆ. ಇದಕ್ಕೆ ಮೂರು ಫೇಸಿನ ಮೋಟಾರು ಬೇಕು. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರಿಗೆ ಮಾಮೂಲಿ ಡ್ರೈವ್ ಹಾಕಬಾರದು. ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ತೆಗೆದು, ಡ್ರೈವಿನಿಂದ ನೇರ ಮೋಟಾರಿಗೆ ವೈರು ಎಳೆಯಬೇಕು. ನಡುವೆ ಸ್ಟಾರ್ಟರ್ ಉಳಿಸಿಕೊಂಡರೆ ಡ್ರೈವ್ ಹಾಳಾಗುವ ಸಂಭವ ಹೆಚ್ಚು.

ನಮ್ಮ ಕೊಳದಲ್ಲಿ ವಾಲ್ವ್ ಪೂರ್ತಿ ತೆರೆದು ಡ್ರೈವನ್ನು 30 ಹರ್ಟ್ಜ್‌ಗೆ ಇಟ್ಟಾಗ ನೀರು ಗಂಟೆಗೆ 24 ಸಾವಿರ ಲೀಟರು. ಆಪರೇಟರ್ ವಾಲ್ವ್ ಕಟ್ಟಿ ಪಡೆಯುತ್ತಿದ್ದಷ್ಟೇ ನೀರು, ಮಕ್ಕಳಿಗೆ ಅಷ್ಟೇ ಮೆತ್ತನೆಯ ಜೆಟ್. ಘನ ನಿಯಮದ ಪ್ರಕಾರ 4.2 ಕಿಲೋವ್ಯಾಟ್ 0.9ಕ್ಕೆ ಇಳಿಯಬೇಕು. ಮೀಟರಿನಲ್ಲಿ ಕಾಣುವುದು 1.1ರ ಸುಮಾರು. ಡ್ರೈವ್ ತನ್ನ ಪಾಲಿಗೆ ಒಂದಿಷ್ಟು ತಿನ್ನುತ್ತದೆ, ಹಗುರವಾದ ಲೋಡಿನಲ್ಲಿ ಮೋಟಾರಿನ ದಕ್ಷತೆಯೂ ಕುಗ್ಗುತ್ತದೆ. ಆದರೂ ಹತ್ತು ಗಂಟೆಗೆ 11 ಯೂನಿಟ್. ವಾಲ್ವ್ ಕಟ್ಟಿದಾಗಿನ 35ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಯೂನಿಟ್ಟಿಗೆ ಏಳು ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಐದು ಸಾವಿರ ಉಳಿತಾಯ. ಡ್ರೈವ್, ಪೆಟ್ಟಿಗೆ, ಕೂಲಿ ಸೇರಿ 25 ಸಾವಿರವಾದರೂ ಅರ್ಧ ವರ್ಷದೊಳಗೆ ಹಣ ಹಿಂದಿರುಗುತ್ತದೆ.

ಇನ್ನೂ ಇಳಿಸುತ್ತ ಹೋದರೆ ಲಾಭ ಹೆಚ್ಚುತ್ತಲೇ ಇರುವುದಿಲ್ಲ. 25 ಹರ್ಟ್ಜ್‌ನಲ್ಲಿ ಹನ್ನೆರಡು ಗಂಟೆ ಓಡಿಸಿದರೆ ಎಂಟೂವರೆ ಯೂನಿಟ್, 20ರಲ್ಲಿ ಹದಿನೈದು ಗಂಟೆಗೆ ಏಳರ ಸುಮಾರು. ಅಷ್ಟು ಹೊತ್ತಿಗೆ ನೀರು ಎಷ್ಟು ಮೆಲ್ಲಗೆ ಹರಿಯುತ್ತದೆಂದರೆ, ಮೂಲೆಗಳಲ್ಲಿ ಕಸ ಕೂರುತ್ತದೆ, ಮೇಲೆ ತೇಲುವ ಎಲೆ ಸ್ಕಿಮ್ಮರಿಗೆ ಸೇರುವುದಿಲ್ಲ, ಹರಿವು ನೋಡಿ ಕ್ಲೋರಿನ್ ಬಿಡುವ ಯಂತ್ರ ಹರಿವೇ ಇಲ್ಲವೆಂದು ನಿಂತುಬಿಡಬಹುದು. ಒಂದೂವರೆ ಯೂನಿಟ್ ಉಳಿಸಲು ಕೊಳದ ನೀರು ಹಸಿರಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಬೆಳಿಗ್ಗೆ ಅರ್ಧ ಗಂಟೆ 50ರಲ್ಲಿ ಓಡಿಸಿ ಎಲೆ ಕಸ ಎಳೆಸಿ, ಉಳಿದ ಹೊತ್ತು 30ರಲ್ಲಿ ಬಿಡುವುದು ನಾನು ಕಂಡ ಒಳ್ಳೆಯ ಪದ್ಧತಿ. ಫಿಲ್ಟರಿನ ಮರಳು ತೊಳೆಯುವ ಬ್ಯಾಕ್‌ವಾಶ್ ಮಾತ್ರ ಯಾವತ್ತೂ 50ರಲ್ಲೇ ಆಗಬೇಕು. ನಿಧಾನದ ನೀರಿಗೆ ಮರಳನ್ನು ಎಬ್ಬಿಸಿ ತೊಳೆಯುವ ಕಸುವಿಲ್ಲ.

ಡ್ರೈವ್ ಹಾಕಿದ ಮೇಲೆ ಎರಡು ಕಡೆ ಜನ ಮೋಸಹೋಗುವುದನ್ನು ನೋಡಿದ್ದೇನೆ. ಮೊದಲನೆಯದು ಫಿಲ್ಟರಿನ ಮೇಲಿನ ಗೇಜು. ಮುಂಚೆ ಮುಳ್ಳು 1.2 ಕೆಜಿ ತೋರಿಸುತ್ತಿತ್ತು, 1.7 ದಾಟಿದರೆ ಫಿಲ್ಟರ್ ಕಟ್ಟಿಕೊಂಡಿದೆ, ಬ್ಯಾಕ್‌ವಾಶ್ ಮಾಡು ಎಂದು ಆಪರೇಟರಿಗೆ ಲೆಕ್ಕ. 30 ಹರ್ಟ್ಜ್‌ನಲ್ಲಿ ಅದೇ ಮುಳ್ಳು 0.4ರ ಹತ್ತಿರ ನಿಲ್ಲುತ್ತದೆ. ವರ್ಗದ ನಿಯಮ ಹೇಳಿದಂತೆಯೇ ಅದು ಇಳಿದಿದೆ; ಕಣ್ಣಾರೆ ಕಾಣುವ ಪರೀಕ್ಷೆಯಿದು. ಆದರೆ ಫಿಲ್ಟರ್ ಎಷ್ಟೇ ಕೊಳೆಯಾದರೂ ಈಗ ಮುಳ್ಳು 1.7ನ್ನು ಮುಟ್ಟುವುದೇ ಇಲ್ಲ. "ಗೇಜು ಚೆನ್ನಾಗಿದೆ" ಎಂದು ತಿಂಗಳುಗಟ್ಟಲೆ ಮರಳು ತೊಳೆಯದೆ ಬಿಟ್ಟವರಿದ್ದಾರೆ. ವಾರಕ್ಕೊಮ್ಮೆ 50 ಹರ್ಟ್ಜ್‌ಗೆ ಏರಿಸಿ, ಆಗ ಮುಳ್ಳು ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆದಿಡಬೇಕು.

ಎರಡನೆಯದು ಆಂಪಿಯರ್. ಎಲೆಕ್ಟ್ರಿಷಿಯನ್ ಡ್ರೈವಿನಿಂದ ಮೋಟಾರಿಗೆ ಹೋಗುವ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡುತ್ತಾರೆ. ಐದನೇ ಒಂದಕ್ಕೆ ಇಳಿಯಬೇಕಾದದ್ದು ಅರ್ಧದ ಆಸುಪಾಸಿಗೆ ಮಾತ್ರ ಇಳಿದಿರುತ್ತದೆ. ಕಂಪನಿಯವರು ಸುಳ್ಳು ಹೇಳಿದರು ಎಂದು ತೀರ್ಮಾನ! ಮೋಟಾರಿಗೆ ತನ್ನ ಅಯಸ್ಕಾಂತವನ್ನು ಹುಟ್ಟಿಸಿಕೊಳ್ಳಲು ಲೋಡಿಲ್ಲದಿದ್ದರೂ ಒಂದಿಷ್ಟು ಆಂಪಿಯರ್ ಬೇಕೇಬೇಕು, ಅದು ಇಳಿಯುವುದಿಲ್ಲ. ಮೇಲಾಗಿ ಆ ವೈರಿನಲ್ಲಿ ವೋಲ್ಟೇಜೂ ಇಳಿದಿರುತ್ತದೆ, ಆಂಪಿಯರ್ ಮೀಟರಿಗೆ ಅದು ಕಾಣದು. ಉಳಿತಾಯ ನೋಡಬೇಕಾದರೆ ಡ್ರೈವಿನ ಹಿಂದೆ, ಲೈನಿನ ಕಡೆ, ಯೂನಿಟ್ ಎಣಿಸುವ ಮೀಟರ್ ಕೂರಿಸಿ ಇಡೀ ದಿನದ ಲೆಕ್ಕ ತೆಗೆಯಬೇಕು.

ಅಮೆರಿಕದಲ್ಲಿ 2021ರ ಜುಲೈನಿಂದ ಹೊಸ ಈಜುಕೊಳದ ಪಂಪುಗಳಿಗೆ ಸರ್ಕಾರವೇ ದಕ್ಷತೆಯ ಮಿತಿ ಹಾಕಿದೆ. ದೊಡ್ಡ ಅಳತೆಯ ಫಿಲ್ಟರ್ ಪಂಪುಗಳು ವೇಗ ಬದಲಿಸುವಂತಿದ್ದರೆ ಮಾತ್ರ ಬಹುಮಟ್ಟಿಗೆ ಆ ಮಿತಿಯೊಳಗೆ ಬರುತ್ತವೆ. ಈ ನಿಯಮಕ್ಕೆ ಅವರು ಈಜುಕೊಳವನ್ನೇ ಆರಿಸಿದ್ದಕ್ಕೆ ಒಳ್ಳೆಯ ಆಧಾರವಿದೆ. ಕೊಳದಿಂದ ಹೊರಟ ನೀರು ಕೊಳಕ್ಕೇ ಮರಳುತ್ತದೆ, ಎತ್ತರಕ್ಕೆ ಏರಬೇಕಾಗಿಲ್ಲ. ಪೈಪು, ಬೆಂಡು, ಫಿಲ್ಟರುಗಳ ತಿಕ್ಕಾಟವೊಂದೇ ಎದುರಾಳಿ. ಹರಿವು ಇಳಿದರೆ ಆ ತಿಕ್ಕಾಟವೂ ಇಳಿಯುತ್ತದೆ. ಘನ ನಿಯಮ ಪೂರ್ತಿಯಾಗಿ ನಡೆಯುವುದು ಇಂಥಲ್ಲಿ ಮಾತ್ರ. ದೊಡ್ಡ ಕಟ್ಟಡಗಳ ಎಸಿಗೆ ತಣ್ಣೀರು ಸುತ್ತಿಸುವ ಪಂಪೂ ಇದೇ ಜಾತಿಯದು.

ಇದನ್ನು ಕೇಳಿದ ಅದೇ ಅಪಾರ್ಟ್‌ಮೆಂಟಿನ ಸಮಿತಿಯವರು, "ಹಾಗಾದರೆ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿಸುವ ಪಂಪಿಗೂ ಒಂದು ಹಾಕಿಸೋಣ" ಎಂದರು. ಬೇಡ ಎಂದೆ. ಟ್ಯಾಂಕು ಸಂಪಿಗಿಂತ 30 ಮೀಟರ್ ಮೇಲಿದೆ. ಪಂಪು ಎಷ್ಟೇ ನಿಧಾನವಾಗಲಿ, ಆ 30 ಮೀಟರ್ ಕಡಿಮೆಯಾಗುವುದಿಲ್ಲ. ಅಲ್ಲಿಯ ಪಂಪು 50 ಹರ್ಟ್ಜ್‌ನಲ್ಲಿ ಹೆಚ್ಚೆಂದರೆ 42 ಮೀಟರ್ ಎತ್ತುವಂಥದ್ದು. 45ಕ್ಕೆ ಇಳಿಸಿದರೆ ವೇಗ ಕಡಿಮೆಯಾದದ್ದು ನೂರಕ್ಕೆ ಹತ್ತು ಮಾತ್ರ, ಆದರೆ ನೀರು ನೂರರಿಂದ 58ರ ಹತ್ತಿರಕ್ಕೆ ಕುಸಿಯುತ್ತದೆ. ಕರೆಂಟು ಇಳಿಯುವುದು 60ರ ಸುಮಾರಿಗೆ. ಟ್ಯಾಂಕು ತುಂಬಲು ಮೊದಲಿಗಿಂತ ಚೂರು ಹೆಚ್ಚೇ ಯೂನಿಟ್ ಬೇಕಾಯಿತು. 42 ಹರ್ಟ್ಜ್‌ಗೆ ಬಂದರಂತೂ ಪಂಪಿನ ಒತ್ತಡ 30 ಮೀಟರಿಗೂ ಸಾಲದು. ಮೋಟಾರು ತಿರುಗುತ್ತಿರುತ್ತದೆ, ಡ್ರೈವಿನ ಪರದೆ ಎಲ್ಲ ಸರಿಯಿದೆ ಎನ್ನುತ್ತದೆ, ಮೇಲೆ ಒಂದು ಹನಿ ಬೀಳುವುದಿಲ್ಲ. ಪಂಪಿನ ಹೊಟ್ಟೆಯಲ್ಲೇ ನೀರು ಕಡೆದು ಕಡೆದು ಬಿಸಿಯಾಗಿ, ಸೀಲು ಹೋಗುತ್ತದೆ. ಆಳದ ಬೋರ್‌ವೆಲ್ ಪಂಪಿನದೂ ಇದೇ ಕತೆ, ಅಲ್ಲಿ ಎತ್ತಬೇಕಾದ ಎತ್ತರ ಇನ್ನೂ ಹೆಚ್ಚು.

ಆದ್ದರಿಂದ ಯಾರಾದರೂ ಬಂದು, ಡ್ರೈವ್ ಹಾಕಿದರೆ ಎಂಟನೇ ಒಂದು ಭಾಗ ಬಿಲ್ಲು ಎಂದರೆ, ಆ ಪಂಪಿನ ನೀರು ಹೊರಟಲ್ಲಿಗೇ ಮರಳುತ್ತದೋ, ಮೇಲಕ್ಕೆ ಏರುತ್ತದೋ ಎಂದು ಮೊದಲು ಕೇಳಿ. ಏರುವುದಾದರೆ ಎಷ್ಟು ಮೀಟರ್ ಎಂದು ಟೇಪ್ ಹಿಡಿದು ಅಳೆಸಿ, ಆಮೇಲೆ ದುಡ್ಡಿನ ಮಾತಾಡಿ.