ನಿಮಗಿದು ಗೊತ್ತೇ? ಫೋನಿಗೆ ಇಳಿದ ಡ್ಯಾಶ್‌ಬೋರ್ಡ್

ಪವರ್ ಬಿಐನಲ್ಲಿ ಹೊಸ ಪುಟ ತೆರೆದರೆ ಅದರ ಅಗಲ 1280 ಪಿಕ್ಸೆಲ್, ಎತ್ತರ 720. ನೆಟ್ಟಗೆ ಹಿಡಿದ ಎಷ್ಟೋ ಫೋನ್‌ಗಳಲ್ಲಿ ಸಿಗುವ ಅಗಲ ಸುಮಾರು 360. ಪುಟವನ್ನು ಹಾಗೇ ಕುಗ್ಗಿಸಿದರೆ 12ರ ಅಕ್ಷರ 3.4ಕ್ಕೆ ಇಳಿಯುತ್ತದೆ. ಕನ್ನಡದ ಹೆಸರುಗಳಿದ್ದರೆ ಮೊದಲು ಮಾಯವಾಗುವುದು ಒತ್ತಕ್ಷರಗಳೇ.

ಫೋನಿಗೆಂದು ಬೇರೆ ವರದಿ ಮಾಡಬೇಕಿಲ್ಲ. `View` ಪಟ್ಟಿಯಲ್ಲಿ `Mobile layout` ಒತ್ತಿದರೆ ಫೋನಿನ ಆಕಾರದ ಖಾಲಿ ಹಾಳೆ ಬರುತ್ತದೆ. `Page visuals` ಎಂಬಲ್ಲಿಂದ ಬೇಕಾದ ಚಿತ್ರಗಳನ್ನು ಎಳೆದು ಒಂದರ ಕೆಳಗೊಂದು ಇಟ್ಟರಾಯಿತು. ಹೊಸ ಚಿತ್ರವನ್ನು ಅಲ್ಲಿ ರಚಿಸಲಾಗದು, ಅದು ಮೂಲ ಪುಟದಲ್ಲಿ ಇರಲೇಬೇಕು.

ಅಲ್ಲಿ ಅಕ್ಷರ ದೊಡ್ಡದು ಮಾಡಿದರೆ ಕಂಪ್ಯೂಟರಿನ ಪುಟ ಕದಲುವುದಿಲ್ಲ. ಆದರೆ ಫೋನಿನಲ್ಲಿ ಒಮ್ಮೆ ಬದಲಿಸಿದ ಬಣ್ಣಕ್ಕೋ ಅಳತೆಗೋ ಮೂಲ ಪುಟದ ನಂಟು ತಪ್ಪುತ್ತದೆ. ಮುಂದೆ ಕಂಪ್ಯೂಟರಿನಲ್ಲಿ ಬಣ್ಣ ಬದಲಾಯಿಸಿದರೂ ಫೋನಿನಲ್ಲಿ ಹಳೆಯದೇ ಕಾಣುತ್ತಿದ್ದರೆ ಕಾರಣ ಇದೇ.

ಕರ್ನಾಟಕದ 31 ಜಿಲ್ಲೆಗಳ ಮಾರಾಟ ತೋರಿಸುವ ಒಂದು ಪುಟ ಇದೆ ಎನ್ನೋಣ. ನಾಲ್ಕು ಕಾರ್ಡು, ತಿಂಗಳ ಗೆರೆ ನಕ್ಷೆ, ಜಿಲ್ಲೆಗಳ ಕಂಬ ನಕ್ಷೆ, ಭೂಪಟ, ಒಂಬತ್ತು ಕಾಲಮ್ಮಿನ ಕೋಷ್ಟಕ. ಬಸ್ಸಿನಲ್ಲಿ ಕುಳಿತ ಮಾರಾಟಾಧಿಕಾರಿ ಕೇಳುವುದು ಎರಡೇ: ಒಟ್ಟು ಎಷ್ಟಾಯಿತು, ಎಲ್ಲಿ ಹಿಂದೆ ಬಿದ್ದಿದ್ದೇವೆ? ಹಾಗಾಗಿ ಎರಡು ಕಾರ್ಡು, ಗೆರೆ ನಕ್ಷೆ, ಜಿಲ್ಲೆಗಳ ನಕ್ಷೆ ಉಳಿಯಲಿ. ಭೂಪಟವನ್ನೂ ಕೋಷ್ಟಕವನ್ನೂ ನಾನಂತೂ ಹಿಂಜರಿಯದೆ ಕೈಬಿಡುತ್ತೇನೆ. ನಿಂತ ಕಂಬಗಳ ಬುಡದಲ್ಲಿ ಜಿಲ್ಲೆಗಳ ಹೆಸರು ಓರೆಯಾಗಿ ತಿರುಗುವುದರಿಂದ ಮೂಲ ಪುಟದಲ್ಲೇ ಅವನ್ನು ಅಡ್ಡ ಪಟ್ಟಿಗಳಾಗಿಸಬೇಕು. 31 ಪಟ್ಟಿಗಳಿಗೆ ತಲಾ 28 ಪಿಕ್ಸೆಲ್ ಕೊಟ್ಟರೂ 868 ಆಗುತ್ತದೆ, ಒಂದು ಪರದೆಗೆ ಹಿಡಿಸದು. ಚೌಕಟ್ಟು ಚಿಕ್ಕದಾದರೆ ಅದರೊಳಗೇ ಇನ್ನೊಂದು ಸ್ಕ್ರೋಲ್ ಹುಟ್ಟಿ, ಪುಟ ಸರಿಸಹೊರಟ ಬೆರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. `Top N` ಫಿಲ್ಟರಿನಲ್ಲಿ `Bottom` ಆರಿಸಿ, ಕೆಳಗಿನ 8 ಜಿಲ್ಲೆಗಳನ್ನಷ್ಟೇ ತೋರಿಸುವುದು ಮೇಲು. ನೆನಪಿರಲಿ, ಈ ಫಿಲ್ಟರ್ ಎರಡೂ ಕಡೆ ಅನ್ವಯಿಸುತ್ತದೆ.

ಕಾರ್ಡಿನಲ್ಲಿ 12,48,36,752 ಎಂದಿದ್ದರೆ ದೊಡ್ಡ ಅಕ್ಷರಕ್ಕೆ ಜಾಗ ಸಾಲದು. ಕೋಟಿಗೆ ಇಳಿಸಿದ ಅಳತೆಯೊಂದನ್ನು ಬರೆದುಕೊಳ್ಳಿ:

```
Sales Cr = DIVIDE([Total Sales], 10000000)
```

ಎರಡು ದಶಾಂಶಕ್ಕೆ ನಿಲ್ಲಿಸಿದರೆ 12.48 ಎಂದು ಬರುತ್ತದೆ. ಶೀರ್ಷಿಕೆಯಲ್ಲಿ ‘ಕೋಟಿ ರೂ.’ ಎಂದು ಬರೆಯಲು ಮರೆಯಬೇಡಿ.

ಮೌಸ್ ತೋರಿದಾಗ ಮೂಡುವ ವಿವರವನ್ನು ಫೋನಿನಲ್ಲಿ ನೆಚ್ಚಿಕೊಳ್ಳುವಂತಿಲ್ಲ, ಅಲ್ಲಿ ಮೌಸೇ ಇಲ್ಲ. ಮುಖ್ಯ ಅಂಕಿಯನ್ನು ಪಟ್ಟಿಯ ತುದಿಯಲ್ಲೇ ಬರೆಸಿ.

ಈ ವಿನ್ಯಾಸ ಕಾಣುವುದು ಪವರ್ ಬಿಐ ಮೊಬೈಲ್ ಆ್ಯಪ್‌ನಲ್ಲಿ, ಅದೂ ಫೋನ್ ನೆಟ್ಟಗಿದ್ದಾಗ. ಅಡ್ಡ ತಿರುಗಿಸಿದರೆ ಮೂಲ ಪುಟವೇ ಬರುತ್ತದೆ. ಪ್ರತಿ ಪುಟಕ್ಕೂ ಬೇರೆಬೇರೆಯಾಗಿ ವಿನ್ಯಾಸ ಮಾಡಬೇಕು. ನೆಟ್ಟಗೆ ಹಿಡಿದಾಗಲೂ ಯಾವುದಾದರೂ ಪುಟ ಅಗಲವಾಗಿಯೇ ತೆರೆದರೆ, ಅದರ ವಿನ್ಯಾಸ ಮಾಡುವುದು ಬಿಟ್ಟುಹೋಗಿದೆ ಎಂದರ್ಥ.